54 ಹೆಸರು, 33 ಯಾತ್ರಿಕರು: ಒಂದು ಕಾಶಿ–ಗಯಾ ಯಾತ್ರೆಯ ಲೆಕ್ಕ

ತುಮಕೂರಿನ ಒಂದು ಭಜನಾ ಮಂಡಳಿ 2025ರ ನವೆಂಬರ್‌ನಲ್ಲಿ ಕಾಶಿ, ಪ್ರಯಾಗ, ಗಯಾ ಯಾತ್ರೆ ಹೊರಟಿತು. ಹೆಸರಿನ ಪಟ್ಟಿ, ರೈಲು ಟಿಕೆಟ್, ಕೋಣೆಗಳ ಹಂಚಿಕೆ ಮೂರನ್ನೂ ನಾನೇ ನೋಡಿಕೊಂಡೆ. ಜುಲೈನಲ್ಲಿ ಪಟ್ಟಿ ಬರೆದಾಗ 54 ಹೆಸರಿದ್ದವು, ರೈಲು ಹತ್ತಿದವರು 33 ಜನ. ನಡುವೆ ಸಂಖ್ಯೆ 38ಕ್ಕೆ ಬಂತು, 36 ಆಯಿತು, ಮತ್ತೆ 38, ಮತ್ತೆ 36. ಇಷ್ಟಾದರೂ ಯಾರ ದುಡ್ಡೂ ದೊಡ್ಡದಾಗಿ ಮುಳುಗಲಿಲ್ಲ, ಕೋಣೆಯಿಲ್ಲದೆ ಯಾರೂ ಹೊರಗೆ ಕೂರಲಿಲ್ಲ. ಅದು ಹೇಗೆ ನಡೆಯಿತು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ಇಂಥ ಯಾತ್ರೆಯಲ್ಲಿ "ಎಷ್ಟು ಜನ?" ಎಂಬ ಪ್ರಶ್ನೆಗೆ ಒಂದೇ ಉತ್ತರ ಇಟ್ಟುಕೊಂಡರೆ ಎಲ್ಲವೂ ಕೆಡುತ್ತದೆ. ರೈಲಿನ ಸಂಖ್ಯೆ ಬೇರೆ, ಕೋಣೆಯ ಸಂಖ್ಯೆ ಬೇರೆ, ಬಸ್ಸು ಮತ್ತು ಅಡುಗೆಯ ಸಂಖ್ಯೆ ಬೇರೆ. ಒಂದೊಂದೂ ಒಂದೊಂದು ದಿನಕ್ಕೆ ಗಟ್ಟಿಯಾಗುತ್ತದೆ, ಬದಲಾಯಿಸಿದರೆ ಒಂದೊಂದಕ್ಕೆ ಒಂದೊಂದು ದಂಡ.

ಮೊದಲು ದಿನಾಂಕ. ನವೆಂಬರ್ 20ಕ್ಕೆ ಕಾರ್ತಿಕ ಅಮಾವಾಸ್ಯೆ, ಆ ದಿನ ಕಾಶಿಯಲ್ಲಿ ಗಂಗಾಸ್ನಾನ ಆಗಬೇಕೆಂದು ಹಿರಿಯರು ಹೇಳಿದರು. ಡಿಸೆಂಬರ್‌ಗೆ ಹೋದರೆ ಉತ್ತರದ ಮಂಜಿಗೆ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ, ಹಾಗಾಗಿ ನವೆಂಬರ್ ನನಗೂ ಸರಿ ಕಂಡಿತು. ಬೆಂಗಳೂರಿನ ಬೈಯಪ್ಪನಹಳ್ಳಿ ಟರ್ಮಿನಲ್‌ನಿಂದ ದಾನಾಪುರಕ್ಕೆ ದಿನವೂ ಹೋಗುವ ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ 17ರ ಸೋಮವಾರ ಬೆಳಗ್ಗೆ ಹತ್ತಿ, 19ರ ಬೆಳಗ್ಗೆ ಮೊಘಲ್‌ಸರಾಯ್‌ನಲ್ಲಿ, ಅಂದರೆ ಈಗಿನ ದೀನದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ ಇಳಿಯುವುದು. ಅಲ್ಲಿಂದ ಕಾಶಿಗೆ ಹದಿನೈದಿಪ್ಪತ್ತು ಕಿಲೋಮೀಟರ್. 21ಕ್ಕೆ ಬಸ್ಸಿನಲ್ಲಿ ಪ್ರಯಾಗಕ್ಕೆ ಹೋಗಿ ಬರುವುದು, 22ಕ್ಕೆ ಗಯಾ, 24ರ ರಾತ್ರಿ ಅದೇ ಜಂಕ್ಷನ್‌ನಿಂದ ವಾಪಸ್ ರೈಲು.

2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಕಾಯ್ದಿರಿಸುವಿಕೆಯನ್ನು 120 ದಿನದಿಂದ 60 ದಿನಕ್ಕೆ ಇಳಿಸಿದೆ. ಹಾಗಾಗಿ 17ರ ರೈಲಿಗೆ ಬುಕಿಂಗ್ ತೆರೆಯುವುದು ಸೆಪ್ಟೆಂಬರ್ 18ರ ಬೆಳಗ್ಗೆ 8ಕ್ಕೆ, 24ರ ವಾಪಸ್ ರೈಲಿಗೆ ಸೆಪ್ಟೆಂಬರ್ 25ಕ್ಕೆ. ಈ ಎರಡರ ನಡುವಿನ ಒಂದು ವಾರವನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೋಗುವ ಟಿಕೆಟ್ ಒಂದು ಪಟ್ಟಿಯ ಮೇಲೆ, ಬರುವ ಟಿಕೆಟ್ ಇನ್ನೊಂದು ಪಟ್ಟಿಯ ಮೇಲೆ ಆಗುವ ಸಾಧ್ಯತೆ ಅಲ್ಲಿಂದಲೇ ಶುರುವಾಗುತ್ತದೆ. ನಮ್ಮಲ್ಲೂ ಹಾಗೇ ಆಯಿತು.

ಬಾಯಿಮಾತಿನ 54 ಜನರನ್ನು ನಿಜವಾದ ಸಂಖ್ಯೆಗೆ ತರಲು ಒಂದೇ ಉಪಾಯ ಮಾಡಿದೆವು. ಸೆಪ್ಟೆಂಬರ್ 10ರೊಳಗೆ ಆಧಾರ್‌ನಲ್ಲಿ ಇರುವಂತೆಯೇ ಹೆಸರು, ವಯಸ್ಸು, ಗುರುತಿನ ಚೀಟಿಯ ನಕಲು, ಜೊತೆಗೆ ಮುಂಗಡ. ಈ ನಾಲ್ಕೂ ಕೊಟ್ಟವರು ಮಾತ್ರ ಪಟ್ಟಿಯಲ್ಲಿ. "ನಮ್ಮಕ್ಕನೂ ಬರಬಹುದು, ಒಂದು ಸೀಟು ಹಿಡಿದಿಟ್ಟಿರಿ" ಎಂದವರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡೆ. 10ರ ಸಂಜೆಗೆ ಪಟ್ಟಿಯಲ್ಲಿ 38 ಜನ, ಬೇರೆ ಹಾಳೆಯಲ್ಲಿ 5 ಹೆಸರು. ಹೆಸರು ಗೊತ್ತಿಲ್ಲದೆ ಸೀಟು ಹಿಡಿದಿಡುವುದು ರೈಲಿನಲ್ಲಿ ಸಾಧ್ಯವೇ ಇಲ್ಲ ಎಂಬುದನ್ನು ಎಲ್ಲರಿಗೂ ಅರ್ಥವಾಗುವಂತೆ ಹೇಳಲು ಸ್ವಲ್ಪ ಸಮಯ ಬೇಕಾಯಿತು. ಬಸ್ಸಿನ ಅಭ್ಯಾಸ ಇರುವವರಿಗೆ ಸೀಟು ಅಂದರೆ ಜಾಗ, ರೈಲಿನಲ್ಲಿ ಸೀಟು ಅಂದರೆ ಒಬ್ಬ ಮನುಷ್ಯ.

ಟಿಕೆಟ್ ತೆಗೆಸುವಾಗ ಎರಡು ಮಿತಿಗಳು ಒಂದನ್ನೊಂದು ಎಳೆಯುತ್ತವೆ. ಒಂದು ಪಿಎನ್‌ಆರ್‌ನಲ್ಲಿ ಹೆಚ್ಚೆಂದರೆ 6 ಜನ. ಹಾಗೆ ಆರಾರು ಜನರಂತೆ ಹಾಕಿದರೆ 38 ಜನಕ್ಕೆ ಏಳು ಟಿಕೆಟ್‌ನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಹಿರಿಯ ನಾಗರಿಕರ ಕೆಳಬರ್ತಿನ ಕೋಟಾ ಸಿಗುವುದು ಒಂದು ಟಿಕೆಟ್‌ನಲ್ಲಿ ಒಬ್ಬರೋ ಇಬ್ಬರೋ ಇದ್ದರೆ ಮಾತ್ರ. ಗಂಡಸರಿಗೆ 60, ಹೆಂಗಸರಿಗೆ 45 ತುಂಬಿರಬೇಕು. ಆರು ಜನರ ಟಿಕೆಟ್‌ನಲ್ಲಿ ಎಪ್ಪತ್ತರ ಅಜ್ಜಿ ಇದ್ದರೆ ಆ ಕೋಟಾ ಅವರಿಗೆ ಇಲ್ಲ, ಮೇಲಿನ ಬರ್ತ್ ಬಂದರೂ ಬರಬಹುದು. ಮಂಡಿನೋವಿನವರು ಎರಡು ಹಗಲು ಎರಡು ರಾತ್ರಿ ಹತ್ತಿ ಇಳಿಯಬೇಕಾದರೆ ಆಗುವ ಕಷ್ಟ ಸಣ್ಣದಲ್ಲ. ಹಾಗಾಗಿ ಏಣಿ ಹತ್ತಲಾಗದ 12 ಜನರನ್ನು ಇಬ್ಬಿಬ್ಬರಂತೆ 6 ಟಿಕೆಟ್ ಮಾಡಿ, ಉಳಿದ 26 ಜನರನ್ನು ಮನೆಮನೆಗೆ ಒಂದರಂತೆ ಜೋಡಿಸಿದೆವು. ಎಲ್ಲರಿಗೂ ತೃತೀಯ ದರ್ಜೆ ಎಸಿ.

ಇಷ್ಟು ಟಿಕೆಟ್‌ಗಳನ್ನು ಒಬ್ಬರ ಖಾತೆಯಿಂದ ತೆಗೆಯಬಾರದು. ಆಧಾರ್ ಜೋಡಿಸದ ಐಆರ್‌ಸಿಟಿಸಿ ಖಾತೆಗೆ ತಿಂಗಳಿಗೆ 12 ಟಿಕೆಟ್, ಜೋಡಿಸಿದ್ದಕ್ಕೆ 24 ಎಂಬ ಮಿತಿ ಇದೆ. ಇದಕ್ಕಿಂತ ಮುಖ್ಯವಾದದ್ದು, ಸ್ವಂತ ಖಾತೆಯಿಂದ ಟಿಕೆಟ್ ತೆಗೆದು ಅದರ ಮೇಲೆ ದುಡ್ಡು ಇಟ್ಟುಕೊಂಡರೆ ರೈಲ್ವೆ ಕಾಯ್ದೆಯ 143ನೇ ಕಲಂ ಪ್ರಕಾರ ಅಪರಾಧ. ನಾವು ಟಿಕೆಟ್ ದರದ ಮೇಲೆ ಒಂದು ರೂಪಾಯಿಯನ್ನೂ ಸೇರಿಸಲಿಲ್ಲ, ನಾಲ್ಕು ಮನೆಯವರು ತಮ್ಮ ತಮ್ಮ ಖಾತೆಯಿಂದ ಹಂಚಿಕೊಂಡು ತೆಗೆದರು. ಈಗ ಮಾಡುವವರು ಇನ್ನೊಂದನ್ನು ನೋಡಿಕೊಳ್ಳಬೇಕು: 2025ರ ಅಕ್ಟೋಬರ್ 1ರಿಂದ ಬುಕಿಂಗ್ ತೆರೆದ ಮೊದಲ ಹದಿನೈದು ನಿಮಿಷ ಆಧಾರ್ ದೃಢೀಕರಿಸಿದ ಖಾತೆಗೆ ಮಾತ್ರ ಮೀಸಲಾಯಿತು, 2026ರ ಜನವರಿಯಲ್ಲಿ ಅದನ್ನು ಬುಕಿಂಗ್ ತೆರೆಯುವ ಇಡೀ ದಿನಕ್ಕೆ ವಿಸ್ತರಿಸಿದರು.

ಸೆಪ್ಟೆಂಬರ್ 18ರ ಬೆಳಗ್ಗೆ 38 ಜನಕ್ಕೂ ಹೋಗುವ ಟಿಕೆಟ್ ಖಚಿತವಾಗಿ ಸಿಕ್ಕಿತು. 22ರಂದು ಒಬ್ಬ ದಂಪತಿ ಹಿಂದೆ ಸರಿದರು, ತಂಗಿಯ ಮಗನ ಮದುವೆ ಅದೇ ವಾರಕ್ಕೆ ನಿಶ್ಚಯವಾಗಿತ್ತು. ಬೇರೆ ಹಾಳೆಯಲ್ಲಿದ್ದ ಇಬ್ಬರು ಹೆಂಗಸರು, ಒಬ್ಬರಿಗೊಬ್ಬರು ನೆಂಟರು, ಮರುದಿನವೇ ದುಡ್ಡು ತಂದರು. "ಅವರಿಬ್ಬರ ಜಾಗಕ್ಕೆ ಇವರಿಬ್ಬರನ್ನು ಹಾಕಿದರಾಯ್ತಲ್ಲ" ಎಂದು ಖಜಾಂಚಿಯವರು ಹೇಳಿದರು. ಆಗುವುದಿಲ್ಲ. ಖಚಿತ ಟಿಕೆಟ್ ರದ್ದು ಮಾಡಿದರೆ ಆ ಬರ್ತ್ ಕಾಯುವ ಪಟ್ಟಿಯಲ್ಲಿ ಮುಂದಿರುವ ಯಾರಿಗೋ ಹೋಗುತ್ತದೆ, ನಮ್ಮವರಿಗಲ್ಲ. ದಂಪತಿಯ ಟಿಕೆಟ್ಟನ್ನು ಅಂದೇ ರದ್ದು ಮಾಡಿಸಿದೆವು, ತಲೆಗೆ 180 ರೂಪಾಯಿ ಮತ್ತು ಜಿಎಸ್‌ಟಿ ಹೋಯಿತು. ಆಗಿನ ನಿಯಮದಂತೆ ರೈಲು ಹೊರಡಲು 48 ಗಂಟೆಗಿಂತ ಹೆಚ್ಚು ಸಮಯ ಇದ್ದರೆ ತೃತೀಯ ಎಸಿಗೆ ಅಷ್ಟೇ ದಂಡ ಇತ್ತು, ಎರಡು ತಿಂಗಳ ಮೊದಲಾದರೂ ಮೂರು ದಿನ ಮೊದಲಾದರೂ ಒಂದೇ. ಆ ಇಬ್ಬರು ಹೆಂಗಸರಿಗೆ ಹೋಗುವ ರೈಲಿನಲ್ಲಿ ಸಿಕ್ಕಿದ್ದು ಕಾಯುವ ಪಟ್ಟಿ. 25ರಂದು ವಾಪಸ್ ಬುಕಿಂಗ್ ತೆರೆದಾಗ ಹೊಸ ಪಟ್ಟಿಯ 38 ಜನಕ್ಕೂ ಖಚಿತ ಟಿಕೆಟ್ ಆಯಿತು. ಹೀಗೆ ಬರುವ ಟಿಕೆಟ್ ಕೈಯಲ್ಲಿದ್ದು ಹೋಗುವ ಟಿಕೆಟ್ ಇಲ್ಲದ ಇಬ್ಬರು ನಮ್ಮ ಗುಂಪಿನಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಳಿದರು.

ಅವರಿಬ್ಬರನ್ನು ಒಂದೇ ಪಿಎನ್‌ಆರ್‌ನಲ್ಲಿ, ಬೇರೆ ಯಾರನ್ನೂ ಸೇರಿಸದೆ ಇಟ್ಟೆವು. ಆನ್‌ಲೈನ್ ಟಿಕೆಟ್‌ನಲ್ಲಿ ಎಲ್ಲರೂ ಕಾಯುವ ಪಟ್ಟಿಯಲ್ಲೇ ಉಳಿದರೆ ಚಾರ್ಟ್ ಆದ ಮೇಲೆ ಅದು ತಾನಾಗಿ ರದ್ದಾಗುತ್ತದೆ, ರೈಲು ಹತ್ತುವಂತಿಲ್ಲ. ಆರ್‌ಎಸಿ ಆದರೆ ಹತ್ತಬಹುದು, ಪಕ್ಕದ ಕೆಳಬರ್ತ್ ಇಬ್ಬರಿಗೆ ಸೇರಿ ಸಿಗುತ್ತದೆ. ಪರಿಚಯದ ಇಬ್ಬರಾದರೆ ಅದನ್ನೂ ಸಹಿಸಬಹುದು. ತೀರ್ಮಾನದ ದಿನವನ್ನು ಮೊದಲೇ ನಿಗದಿ ಮಾಡಿ ಅವರಿಗೆ ಹೇಳಿದ್ದೆವು: ನವೆಂಬರ್ 16ರ ಬೆಳಗ್ಗೆ 10ಕ್ಕೆ ಎಸಿ ತತ್ಕಾಲ್ ತೆರೆಯುತ್ತದೆ, ಆಗಲೂ ಕಾಯುವ ಪಟ್ಟಿಯಲ್ಲಿದ್ದರೆ ತತ್ಕಾಲ್‌ಗೆ ಹೋಗುವುದು, ಆರ್‌ಎಸಿ ಆಗಿದ್ದರೆ ಬೇಡ. ಚಾರ್ಟ್‌ಗೆ ಕಾಯುವುದಕ್ಕೆ ಆಗುತ್ತಿರಲಿಲ್ಲ. ಬೆಳಗಿನ ರೈಲಿಗೆ ಆಗ ಹಿಂದಿನ ರಾತ್ರಿ 9ಕ್ಕೆ ಚಾರ್ಟ್ ಆಗುತ್ತಿತ್ತು, ಅಷ್ಟರಲ್ಲಿ ತತ್ಕಾಲ್ ತೆರೆದು ಹನ್ನೊಂದು ತಾಸು ಕಳೆದಿರುತ್ತಿತ್ತು. ಅವರ ಟಿಕೆಟ್ ನವೆಂಬರ್ ಮೊದಲ ವಾರದಲ್ಲೇ ಆರ್‌ಎಸಿಗೆ ಬಂತು, ಚಾರ್ಟ್‌ನಲ್ಲಿ ಇಬ್ಬರಿಗೂ ಬರ್ತ್ ಸಿಕ್ಕಿತು.

ಅಕ್ಟೋಬರ್ ಕೊನೆಯಲ್ಲಿ ಬಂದ ಬದಲಾವಣೆ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. 68 ವರ್ಷದ ಒಬ್ಬ ತಾಯಿಗೆ ಮಂಡಿ ಊದಿ ವೈದ್ಯರು ಪ್ರಯಾಣ ಬೇಡವೆಂದರು. ಮಗ ಫೋನ್ ಮಾಡಿದರು: "ಅಣ್ಣ, ಅಮ್ಮನ ಬದಲು ನನ್ನ ಹೆಂಡ್ತಿ ಬರ್ತಾಳೆ. ಹೆಸರು ತಿದ್ದಿಸಿಬಿಡಿ." ಖಚಿತ ಟಿಕೆಟ್‌ನ ಹೆಸರು ಬದಲಾಯಿಸಲು ರೈಲ್ವೆಯಲ್ಲಿ ಅವಕಾಶ ಇದೆ ಎಂಬುದು ನಿಜ. ಆದರೆ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಗ, ಮಗಳು, ಗಂಡ, ಹೆಂಡತಿ, ಇಷ್ಟು ಸಂಬಂಧಕ್ಕೆ ಮಾತ್ರ. ಸೊಸೆ ಆ ಪಟ್ಟಿಯಲ್ಲಿಲ್ಲ. ಗುಂಪಾಗಿ ಹೆಸರು ಬದಲಿಸುವ ಸೌಲಭ್ಯ ಮದುವೆ ದಿಬ್ಬಣಕ್ಕಿದೆ, ಮಾನ್ಯತೆ ಪಡೆದ ಶಾಲೆ ಕಾಲೇಜಿನ ವಿದ್ಯಾರ್ಥಿಗಳಿಗಿದೆ, ಯಾತ್ರೆಯ ಗುಂಪಿಗಿಲ್ಲ. ಇದು ತಿಳಿದಿದ್ದರೆ ಯಾರು ಯಾರ ಬದಲಿಗೆ ಬರಬಹುದೆಂಬ ಪ್ರಶ್ನೆಯನ್ನು ಮನೆಯವರೇ ಮೊದಲೇ ಯೋಚಿಸಿಕೊಳ್ಳುತ್ತಾರೆ.

ಆ ಮನೆಯಲ್ಲಿ ಉಳಿದ ದಾರಿ ಎರಡು. ಮಗ ಬರಬಹುದಿತ್ತು, ಅವರಿಗೆ ರಜೆ ಸಿಗಲಿಲ್ಲ. ಹಾಸನದಲ್ಲಿರುವ ಮಗಳು ಬರಲು ಒಪ್ಪಿದರು. ರೈಲು ಹೊರಡುವ 24 ಗಂಟೆ ಮೊದಲು ರಿಸರ್ವೇಷನ್ ಕೌಂಟರ್‌ನಲ್ಲಿ ಅರ್ಜಿ ಕೊಡಬೇಕು, ಟಿಕೆಟ್‌ನ ಪ್ರತಿ, ಇಬ್ಬರ ಗುರುತಿನ ಚೀಟಿ, ಸಂಬಂಧಕ್ಕೆ ಪುರಾವೆ. ಮೂವತ್ತು ವರ್ಷದ ಹಿಂದೆ ಮದುವೆಯಾಗಿ ಹೋದ ಮಗಳ ಹೆಸರು ತವರಿನ ರೇಷನ್ ಕಾರ್ಡ್‌ನಲ್ಲಿ ಇರುವುದಿಲ್ಲ, ಆಧಾರ್‌ನಲ್ಲಿ ಗಂಡನ ಹೆಸರಿರುತ್ತದೆ. ತಾಯಿಯ ಹೆಸರಿದ್ದ ಹಳೆಯ ಶಾಲಾ ದಾಖಲೆಯೊಂದು ಹುಡುಕಿದ ಮೇಲೆ ಸಿಕ್ಕಿತು, ಅದನ್ನು ಒಪ್ಪಿಕೊಂಡರು. ಹೋಗುವ ಟಿಕೆಟ್‌ಗೊಂದು ಬರುವ ಟಿಕೆಟ್‌ಗೊಂದು, ಎರಡು ಅರ್ಜಿ. ಒಂದು ಟಿಕೆಟ್‌ಗೆ ಇದು ಒಂದೇ ಸಲ ಸಾಧ್ಯ, ಮತ್ತೆ ಬದಲಾಯಿಸುವಂತಿಲ್ಲ. ಕೊನೆಯ ದಿನದವರೆಗೆ ಬಿಡದೆ ಎರಡು ವಾರ ಮೊದಲೇ ಹೋಗಿದ್ದರಿಂದ ದಾಖಲೆ ಹುಡುಕಲು ಸಮಯ ಸಿಕ್ಕಿತು.

ಇನ್ನು ಕೋಣೆಗಳು. ಕಾಶಿಯಲ್ಲಿ ಗೋದೌಲಿಯಾ ಸುತ್ತಮುತ್ತ, ಜಂಗಮವಾಡಿ ಮಠದ ಕಡೆಗೆ, ಹನುಮಾನ್ ಘಾಟ್ ಕಡೆಗೆ ಕನ್ನಡದವರು ಉಳಿದುಕೊಳ್ಳುವುದು ಹೆಚ್ಚು. ಬಸ್ಸು ಗಲ್ಲಿಗಳೊಳಗೆ ಬರುವುದಿಲ್ಲ, ಸಾಮಾನು ಹೊತ್ತು ನಡೆಯಬೇಕು, ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದಿಲ್ಲ. ಹಾಗಾಗಿ ವಸತಿಯವರಿಗೆ ನಾನು ಮೊದಲು ಕೇಳಿದ್ದು ಕೋಣೆ ಎಷ್ಟನೆಯ ಮಹಡಿಯಲ್ಲಿದೆ ಎಂದು, ಬಾಡಿಗೆ ಕೇಳಿದ್ದು ಆಮೇಲೆ.

38 ಜನರಲ್ಲಿ 22 ಹೆಂಗಸರು, 16 ಗಂಡಸರು. ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕಾದ ಎರಡು ಜೋಡಿಗೆ ಇಬ್ಬರ ಕೋಣೆ, ಉಳಿದವರೆಲ್ಲ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಾಲ್ಕು ಹಾಸಿಗೆಯ ಕೋಣೆಗಳಲ್ಲಿ ಎಂದು ತೀರ್ಮಾನವಾಗಿತ್ತು. 20 ಹೆಂಗಸರಿಗೆ ಐದು ಕೋಣೆ ಸರಿಯಾಗಿ ತುಂಬಿದವು. 14 ಗಂಡಸರಿಗೆ ನಾಲ್ಕು ಕೋಣೆ ಬೇಕು, ಎರಡು ಹಾಸಿಗೆ ಉಳಿಯುತ್ತದೆ. ಹೊಸದಾಗಿ ಒಬ್ಬರು ಸೇರುತ್ತೇನೆಂದರೆ ಏನಾಗುತ್ತದೆ ನೋಡಿ. ಅವರು ಗಂಡಸಾದರೆ ಕೋಣೆಯ ಖರ್ಚು ಒಂದು ರೂಪಾಯಿಯೂ ಏರುವುದಿಲ್ಲ. ಹೆಂಗಸಾದರೆ ಇಡೀ ಒಂದು ಕೋಣೆ ಹೊಸದಾಗಿ ಬೇಕು. ಒಟ್ಟು ಸಂಖ್ಯೆ ಮಾತ್ರ ಬರೆದುಕೊಂಡರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಅದಕ್ಕಾಗಿ ಕೋಣೆಗೊಂದು ಹಾಳೆ ಮಾಡಿ, ಹಾಸಿಗೆಗೊಂದು ಹೆಸರು ಬರೆದು, ಯಾರಾದರೂ ಬಿಟ್ಟರೆ ಅಥವಾ ಸೇರಿದರೆ ಆ ಹಾಳೆಯನ್ನು ಮೊದಲು ತೆರೆಯುತ್ತಿದ್ದೆ.

ಸೆಪ್ಟೆಂಬರ್‌ನಲ್ಲಿ ದಂಪತಿ ಹೋಗಿ ಇಬ್ಬರು ಹೆಂಗಸರು ಬಂದಾಗ ಒಟ್ಟು ಸಂಖ್ಯೆ 38ರಲ್ಲೇ ನಿಂತಿತು, ಆದರೆ ನಾಲ್ಕು ಹಾಸಿಗೆಯ ಕೋಣೆಗೆ ಬೇಕಾದ ಹೆಂಗಸರು 21 ಆದರು. ಒಬ್ಬರಿಗಾಗಿ ಆರನೇ ಕೋಣೆ. ನಾಲ್ವರ ಕೋಣೆಗೆ ಇನ್ನೊಂದು ಹಾಸಿಗೆ ಹಾಕಿಕೊಡುತ್ತೇವೆಂದು ವಸತಿಯವರು ಹೇಳಿದರೂ ನಾನು ಒಪ್ಪಲಿಲ್ಲ. ಅಮಾವಾಸ್ಯೆಯ ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೊರಡಬೇಕಾದ ಐದು ಜನರಿಗೆ ಒಂದೇ ಬಚ್ಚಲಾದರೆ ಘಾಟಿಗೆ ತಲುಪುವಷ್ಟರಲ್ಲಿ ಬಿಸಿಲೇರಿರುತ್ತದೆ. ಆರನೇ ಕೋಣೆಯನ್ನು ನವೆಂಬರ್ 10ರವರೆಗೆ ಬಿಟ್ಟುಕೊಡಬೇಡಿ, ಅಂದು ಹೌದು ಅಥವಾ ಬೇಡ ಹೇಳುತ್ತೇವೆ ಎಂದು ಮಾತಾಯಿತು. ಈ ದಿನಾಂಕವನ್ನು ಸಂದೇಶದಲ್ಲಿ ಬರೆದು ಕಳುಹಿಸಿ ಅವರಿಂದ ಉತ್ತರ ತರಿಸಿಕೊಂಡಿದ್ದೆ. ರೈಲು 19ರ ಮುಂಜಾನೆ ತಲುಪುವುದರಿಂದ, ಕೋಣೆ ಮಧ್ಯಾಹ್ನದವರೆಗೆ ಸಿಗದಿದ್ದರೆ ವಯಸ್ಸಾದವರು ಜಗಲಿಯಲ್ಲಿ ಕಾಯಬೇಕಾಗುತ್ತಿತ್ತು. ಅದಕ್ಕೆ ಮೂರು ಕೋಣೆಗಳನ್ನು ಮಾತ್ರ 18ರ ರಾತ್ರಿಯಿಂದಲೇ ಹಿಡಿದೆವು. ಮೊದಲು ಸ್ನಾನ ಮಾಡಿ ಮಲಗಬೇಕಾದವರಿಗೆ ಅವು ಸಾಕಾದವು.

ನವೆಂಬರ್ 9ರಂದು ಒಬ್ಬರಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದರು. ಅವರೂ ಅವರ ಹೆಂಡತಿಯೂ ಬಿಟ್ಟರು. ರೈಲಿಗೆ ತಲೆಗೆ 180ರ ದಂಡ, ಹೋಗುವುದಕ್ಕೂ ಬರುವುದಕ್ಕೂ. ಕೋಣೆಯ ಕಡೆ ಹೆಂಗಸರು ಮತ್ತೆ 20 ಆದರು, ಮರುದಿನವೇ ಆರನೇ ಕೋಣೆಯನ್ನು ಬಿಟ್ಟುಕೊಟ್ಟೆವು. ಗಂಡಸರು 12 ಆದರೂ ಅವರ ನಾಲ್ಕು ಕೋಣೆಗಳು ಹಾಗೇ ಉಳಿದವು.

ಕೊನೆಯ ಪೆಟ್ಟು 15ರ ಸಂಜೆ. ಒಂದು ಮನೆತನದ ಹಿರಿಯರು ತೀರಿಕೊಂಡರು, ಹತ್ತು ದಿನದ ಸೂತಕ. ಆ ಮನೆತನದ ಅಣ್ಣ, ತಮ್ಮ, ಅತ್ತಿಗೆ ಮೂವರೂ ನಮ್ಮ ಪಟ್ಟಿಯಲ್ಲಿದ್ದರು. ಯಾತ್ರೆಯ ಗುಂಪಿನಲ್ಲಿ ಜನ ಒಬ್ಬೊಬ್ಬರಾಗಿ ಬಿಡುವುದಕ್ಕಿಂತ ಹೀಗೆ ಗೊಂಚಲಾಗಿ ಬಿಡುವುದೇ ಹೆಚ್ಚು. ದಾಯಾದಿಗಳು ಒಟ್ಟಿಗೆ ಹೆಸರು ಕೊಟ್ಟಿದ್ದರೆ ಒಂದು ಸಾವಿನ ಸುದ್ದಿ ಮೂರು, ನಾಲ್ಕು ಹೆಸರನ್ನು ಒಂದೇ ಸಲ ಅಳಿಸುತ್ತದೆ. ಪಟ್ಟಿಯಲ್ಲಿ ದಾಯಾದಿಗಳ ಹೆಸರಿನ ಪಕ್ಕ ಒಂದೇ ಗುರುತು ಹಾಕಿಟ್ಟಿದ್ದರಿಂದ ಯಾರನ್ನು ಕೇಳಬೇಕೆಂದು ತಕ್ಷಣ ಗೊತ್ತಾಯಿತು. 48 ಗಂಟೆಯ ಗಡಿ ಅಂದು ಬೆಳಗ್ಗೆಯೇ ದಾಟಿತ್ತು, ಹೋಗುವ ಟಿಕೆಟ್‌ನಲ್ಲಿ ಕಾಲು ಭಾಗ ಹೋಯಿತು. 12 ಗಂಟೆಯ ಗಡಿಯನ್ನೂ ದಾಟಿದ್ದರೆ ಅರ್ಧ ಹೋಗುತ್ತಿತ್ತು. ವಾಪಸ್ ಟಿಕೆಟ್‌ಗೆ ಇನ್ನೂ ಒಂಬತ್ತು ದಿನ ಇತ್ತು, ಅದಕ್ಕೆ 180 ಮಾತ್ರ. ಗಂಡಸರ ನಾಲ್ಕು ಕೋಣೆಯಲ್ಲಿ ಒಂದು ಖಾಲಿಯಾಯಿತು. ವಸತಿಯವರು ಮೊದಲ ರಾತ್ರಿಯ ಬಾಡಿಗೆ ಹಿಡಿದುಕೊಂಡು ಮುಂದಿನ ರಾತ್ರಿಗಳದ್ದನ್ನು ಬಿಟ್ಟರು. ಗಯೆಯ ಪುರೋಹಿತರಿಗೂ ತಿಳಿಸಿದೆವು, ಅವರಿಗೆ ಬೇಕಾದದ್ದು ಜನರ ಸಂಖ್ಯೆಯಲ್ಲ, ಪಿಂಡ ಹಾಕುವ ಕರ್ತೃಗಳ ಸಂಖ್ಯೆ. ಅದರಲ್ಲಿ ಒಬ್ಬರು ಕಡಿಮೆಯಾದರು.

ಉಳಿದದ್ದು ಹಂಚಿಕೆಯ ಖರ್ಚು. ಬಸ್ಸು, ಅಡುಗೆಯವರು, ಪಾತ್ರೆ ಸಾಗಾಟ ಇವು ಜನ ಕಡಿಮೆಯಾದರೂ ಇಳಿಯದ ಖರ್ಚು, ನಮ್ಮಲ್ಲಿ 1,02,000 ರೂಪಾಯಿ. 38ರಿಂದ ಭಾಗಿಸಿದ್ದರೆ ತಲೆಗೆ 2,684 ಆಗುತ್ತಿತ್ತು, ಇಬ್ಬರು ಬಿಟ್ಟ ದಿನವೇ ಕೊರತೆ. ನಾವು 34ರಿಂದ ಭಾಗಿಸಿ 3,000 ಎಂದು ಇಟ್ಟೆವು. ನವೆಂಬರ್ 1ರ ನಂತರ ಬಿಟ್ಟವರ ಈ 3,000 ಲೆಕ್ಕ ಮುಗಿಯುವವರೆಗೆ ನಮ್ಮಲ್ಲೇ ಇರುತ್ತದೆ, ಕೊರತೆ ಬಿದ್ದಷ್ಟು ಮಾತ್ರ ಅದರಿಂದ ತೆಗೆದು ಉಳಿದದ್ದು ವಾಪಸ್ ಎಂದು ಮುಂಗಡ ತೆಗೆದುಕೊಳ್ಳುವಾಗಲೇ ಬರೆದುಕೊಟ್ಟಿದ್ದೆವು. ಹೋದವರು 33 ಜನ, ಅವರಿಂದ 99,000. ಕೊರತೆ 3,000. ಕೊನೆಯಲ್ಲಿ ಬಿಟ್ಟ ಐದು ಜನರ 15,000ದಲ್ಲಿ ಅಷ್ಟನ್ನು ತೆಗೆದು, ಒಬ್ಬೊಬ್ಬರಿಗೂ 2,400 ಹಿಂತಿರುಗಿಸಿದೆವು. ಆಸ್ಪತ್ರೆಯಿಂದ ಮನೆಗೆ ಬಂದವರಿಗೂ ಸೂತಕದ ಮನೆಯವರಿಗೂ ಇದರಲ್ಲಿ ಹೋದದ್ದು ತಲೆಗೆ 600.

ರೈಲಿನ ಮರುಪಾವತಿ ಮಾತ್ರ ಮಂಡಳಿಗೆ ಬರುವುದಿಲ್ಲ. ಟಿಕೆಟ್‌ಗೆ ಯಾವ ಖಾತೆಯಿಂದ ದುಡ್ಡು ಹೋಗಿತ್ತೋ ಅಲ್ಲಿಗೇ ಬರುತ್ತದೆ. ಟಿಕೆಟ್ ತೆಗೆದ ನಾಲ್ಕು ಮನೆಯವರು ತಮಗೆ ಬಂದದ್ದನ್ನು ಪಿಎನ್‌ಆರ್ ಸಮೇತ ಖಜಾಂಚಿಯವರಿಗೆ ಕಳುಹಿಸಿದರು, ಅವರು ಹೆಸರಿನ ಎದುರು ಟಿಕ್ ಹಾಕಿ ಬಿಟ್ಟವರಿಗೆ ತಲುಪಿಸಿದರು. ಸೂತಕ ಕಳೆದ ಮೇಲೆ ಆ ಅಣ್ಣತಮ್ಮಂದಿರು ಬಂದು ಲೆಕ್ಕದ ಹಾಳೆ ನೋಡಿ ಸಹಿ ಹಾಕಿದರು, ಮುಂದಿನ ವರ್ಷದ ಪಟ್ಟಿಗೆ ಈಗಲೇ ಹೆಸರು ಬರೆದುಕೊಳ್ಳಿ ಎಂದರು. ಸೆಪ್ಟೆಂಬರ್ ಬರಲಿ, ಆಧಾರ್ ನಕಲು ಮತ್ತು ಮುಂಗಡ ತಂದುಕೊಡಿ ಎಂದು ಹೇಳಿದೆ.